ಶೇ 3.4 ಸರಿಯೋ, ಶೇ 7.5 ಸರಿಯೋ?

ಪ್ರಶ್ನೆ: ನನಗೆ 44 ವರ್ಷ. ಊರು ಹಾಸನದ ಕಡೆ, ಕೆಲಸ ಬೆಂಗಳೂರಿನಲ್ಲಿ ಬ್ಯಾಂಕಿನಲ್ಲಿ. ಸಿಗರೇಟು ಇಲ್ಲ, ಶುಗರ್ ಇಲ್ಲ (ಎಚ್‌ಬಿಎ1ಸಿ 5.9), ಬಿಪಿ ಮೇಲಿನದು 134, ಮಾತ್ರೆ ಯಾವುದೂ ಇಲ್ಲ. ಎತ್ತರ 170 ಸೆಂ.ಮೀ., ತೂಕ 76 ಕೆ.ಜಿ., ಸೊಂಟ 96 ಸೆಂ.ಮೀ. ಒಟ್ಟು ಕೊಲೆಸ್ಟ್ರಾಲ್ 214, ಎಚ್‌ಡಿಎಲ್ 36, ಎಲ್‌ಡಿಎಲ್ 142, ಟ್ರೈಗ್ಲಿಸರೈಡ್ 180. ತಂದೆಯವರಿಗೆ 52ಕ್ಕೆ ಹಾರ್ಟ್ ಅಟ್ಯಾಕ್ ಆಗಿತ್ತು. ಅಮೆರಿಕದ ಕ್ಯಾಲ್ಕುಲೇಟರಿನಲ್ಲಿ ಹಾಕಿದರೆ ಹತ್ತು ವರ್ಷದ ಅಪಾಯ ಶೇ 3.4, ‘ಕಡಿಮೆ’ ಎಂದು ಹಸಿರು ಬಣ್ಣ ತೋರಿಸಿತು. ಬ್ರಿಟನ್ನಿನ ಕ್ಯೂರಿಸ್ಕ್‌3ರಲ್ಲಿ ಹಾಕಿದರೆ ಶೇ 7.5 ಬಂತು. ಭಾರತೀಯರು ಎಷ್ಟು ಬಂದರೂ ದುಪ್ಪಟ್ಟು ಮಾಡಿಕೊಳ್ಳಬೇಕು ಅಂತ ಆಫೀಸಿನಲ್ಲಿ ಒಬ್ಬರು ಹೇಳುತ್ತಾರೆ. ಟಿಎಂಟಿ ನಾರ್ಮಲ್ ಇದೆ. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿಗಳು ಬಂದಾಗಿನಿಂದ ಮನೆಯವರಿಗೂ ಭಯ. ಡಾಕ್ಟ್ರೇ, ಯಾವ ಲೆಕ್ಕ ನಂಬಲಿ? ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಬೇಕೆ?

ಉತ್ತರ: ನೀವು ಕಳಿಸಿದ ಅಂಕಿಗಳನ್ನೇ ಹಾಕಿ ನಾನೂ ಎರಡನ್ನೂ ನೋಡಿದೆ. ನಿಮಗೆ ಬಂದದ್ದೇ ನನಗೂ ಬಂತು. ಟೈಪು ಮಾಡುವಾಗ ನೀವು ತಪ್ಪಿಲ್ಲ, ಕ್ಯಾಲ್ಕುಲೇಟರುಗಳೂ ತಪ್ಪಿಲ್ಲ. ಎರಡೂ ಬೇರೆ ಬೇರೆ ಜನರನ್ನು ನೋಡಿ ಕಲಿತವು, ನಿಮ್ಮನ್ನು ಕೇಳಿದ ಪ್ರಶ್ನೆಗಳೂ ಬೇರೆ.

ಶೇ 3.4 ಅಂದರೆ ಏನು ಅನ್ನುವುದರಿಂದ ಹೊರಡೋಣ. ನಿಮ್ಮಂಥದೇ ವಯಸ್ಸು, ಬಿಪಿ, ಕೊಲೆಸ್ಟ್ರಾಲ್ ಇರುವ ನೂರು ಗಂಡಸರನ್ನು ಹತ್ತು ವರ್ಷ ಗಮನಿಸಿದರೆ ಅವರಲ್ಲಿ ಮೂರೋ ನಾಲ್ಕೋ ಜನಕ್ಕೆ ಹೃದಯಾಘಾತವೋ ಲಕ್ವವೋ ಆಗಬಹುದು. ಮಿಕ್ಕ ತೊಂಬತ್ತಾರು ಜನಕ್ಕೆ ಆಗುವುದಿಲ್ಲ. ನೀವು ಆ ಮೂರರಲ್ಲೋ ತೊಂಬತ್ತಾರರಲ್ಲೋ ಅನ್ನುವುದು ಆ ಅಂಕಿಗೆ ಗೊತ್ತಿಲ್ಲ. ಅದು ಗುಂಪಿನ ಲೆಕ್ಕ. ಆ ಗುಂಪು ಯಾರದು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ನೀವು ಬಳಸಿದ ಅಮೆರಿಕದ ಸೂತ್ರ 2013ರದು. ಅಲ್ಲಿ ದಶಕಗಳ ಕಾಲ ಗಮನಿಸಿದ ಕೆಲವು ದೊಡ್ಡ ಜನಸಮೂಹಗಳನ್ನು ಒಟ್ಟು ಸೇರಿಸಿ ಅದನ್ನು ಕಟ್ಟಿದರು. ಅವುಗಳಲ್ಲಿ ಹಳೆಯದು, ಹೆಸರಾದದ್ದು ಮ್ಯಾಸಚೂಸೆಟ್ಸಿನ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನದು. 1948ರಲ್ಲಿ 5,209 ಜನರಿಂದ ಶುರುವಾದ ಅಧ್ಯಯನ ಅದು. ಅವರು ಹೆಚ್ಚುಕಡಿಮೆ ಎಲ್ಲರೂ ಯುರೋಪ್ ಮೂಲದ ಬಿಳಿಯರು. 2013ರ ಸೂತ್ರ ಬರೆದವರ ಮುಂದೆ ಬಿಳಿಯರ ಮತ್ತು ಆಫ್ರಿಕನ್ ಅಮೆರಿಕನ್ನರ ಅಂಕಿಗಳಿದ್ದವು, ಆದ್ದರಿಂದ ಎರಡೇ ಲೆಕ್ಕ ಬರೆದರು. ಜನಾಂಗ ಕೇಳುವ ಜಾಗದಲ್ಲಿ ನೀವು ‘ಇತರೆ’ ಒತ್ತಿರುತ್ತೀರಿ. ಹಾಗೆ ಒತ್ತಿದರೆ ಒಳಗೆ ಓಡುವುದು ಬಿಳಿಯರ ಲೆಕ್ಕವೇ. ಹಾಸನದ ನೀವು ಆ ಪುಟದಲ್ಲಿ ಮ್ಯಾಸಚೂಸೆಟ್ಸಿನವರಾಗಿಬಿಟ್ಟಿರಿ. ತಂದೆಯವರ ಕಥೆಯನ್ನಂತೂ ಅದು ಕೇಳಲೇ ಇಲ್ಲ, ಕೇಳುವ ಜಾಗವೇ ಅದರಲ್ಲಿ ಇಲ್ಲ.

ಬ್ರಿಟನ್ನಿನದು ಇಂಗ್ಲೆಂಡಿನ ಕುಟುಂಬ ವೈದ್ಯರ ಕಂಪ್ಯೂಟರುಗಳಲ್ಲಿದ್ದ ಲಕ್ಷಾಂತರ ರೋಗಿಗಳ ದಾಖಲೆಗಳಿಂದ ಹುಟ್ಟಿದ್ದು. ಅಲ್ಲಿ ನೆಲೆಸಿದ ಭಾರತೀಯರು, ಪಾಕಿಸ್ತಾನಿಗಳು, ಬಾಂಗ್ಲಾದೇಶಿಗಳು ಆ ದಾಖಲೆಗಳಲ್ಲಿ ಸಾಕಷ್ಟು ಸಂಖ್ಯೆಯಲ್ಲಿ ಇದ್ದುದರಿಂದ ಮೂವರಿಗೂ ಬೇರೆ ಬೇರೆ ಆಯ್ಕೆ ಇಡಲು ಸಾಧ್ಯವಾಯಿತು. ನಾನು ಒಂದು ಕೆಲಸ ಮಾಡಿದೆ. ನಿಮ್ಮ ಅಂಕಿಗಳನ್ನು ಹಾಕಿ, ಮೊದಲು ‘ಬಿಳಿಯ’ ಎಂದು ಒತ್ತಿ, ತಂದೆಯವರ ವಿಷಯ ಮುಚ್ಚಿಟ್ಟೆ. ಸುಮಾರು 3.4 ಬಂತು, ಅಮೆರಿಕದ್ದೇ ಉತ್ತರ. ಆಮೇಲೆ ‘ಭಾರತೀಯ’ ಎಂದು ಬದಲಿಸಿದೆ. ಸುಮಾರು 4.5 ಆಯಿತು. ಕೊನೆಗೆ ‘ಹತ್ತಿರದ ರಕ್ತಸಂಬಂಧಿಗೆ 60ರೊಳಗೆ ಹೃದಯದ ಕಾಯಿಲೆ’ ಅನ್ನುವುದಕ್ಕೆ ಗುರುತು ಹಾಕಿದೆ. 7.5ರ ಹತ್ತಿರ ನಿಂತಿತು.

ಅಂದರೆ ನಿಮ್ಮ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಭಾರತೀಯ ಅನ್ನುವುದರ ಪಾಲು ಸಣ್ಣದು. ದೊಡ್ಡ ಪಾಲು ನಿಮ್ಮ ತಂದೆಯವರದು. ಸಹೋದ್ಯೋಗಿ ಹೇಳಿದ ದುಪ್ಪಟ್ಟಿನ ಮಾತಿಗೂ ಉತ್ತರ ಇಲ್ಲೇ ಸಿಗುತ್ತದೆ. ಬ್ರಿಟನ್ನಿನ ಲೆಕ್ಕದಲ್ಲಿ ಬಿಳಿಯರಿಗೆ ಹೋಲಿಸಿದರೆ ಭಾರತೀಯ ಗಂಡಸರ ಅಪಾಯ ಸುಮಾರು 1.3 ಪಟ್ಟು, ಪಾಕಿಸ್ತಾನಿಗಳದು 1.6 ಪಟ್ಟು, ಬಾಂಗ್ಲಾದೇಶಿಗಳದು 1.7 ಪಟ್ಟು. ಕ್ಯೂರಿಸ್ಕ್ ಬಳಕೆಗೆ ಬರುವ ಮುಂಚೆ ಅಲ್ಲಿಯ ವೈದ್ಯರು ಫ್ರಾಮಿಂಗ್‌ಹ್ಯಾಮ್ ಪಟ್ಟಿ ನೋಡಿ, ದಕ್ಷಿಣ ಏಷ್ಯಾದ ಗಂಡಸರಾದರೆ 1.4ರಿಂದ ಗುಣಿಸುತ್ತಿದ್ದರು. ಬಹುಶಃ ಆ ಪದ್ಧತಿಯೇ ಬಾಯಿಂದ ಬಾಯಿಗೆ ದಾಟಿ ದುಪ್ಪಟ್ಟಾಗಿದೆ. ಈಗ ಕ್ಯೂರಿಸ್ಕ್‌3ರ ಉತ್ತರವನ್ನು ಮತ್ತೆ ಯಾವುದರಿಂದಲೂ ಗುಣಿಸಬೇಡಿ. ಆ ಗುಣಾಕಾರ ಒಳಗೇ ನಡೆದಿದೆ, ಮತ್ತೆ ಗುಣಿಸಿದರೆ ಒಂದೇ ಅಪಾಯವನ್ನು ಎರಡು ಸಲ ಎಣಿಸಿದಂತೆ.

ಹಾಗಂತ 7.5 ದೇವವಾಕ್ಯವೂ ಅಲ್ಲ. ಬ್ರಿಟನ್ನಿನ ದಾಖಲೆಯ ಭಾರತೀಯ ಯಾರು? ಹೆಚ್ಚಿನ ಪಾಲು ಪಂಜಾಬ್, ಗುಜರಾತ್ ಮೂಲದವರು, ಅಲ್ಲಿಗೆ ವಲಸೆ ಹೋಗಿ ಅಲ್ಲಿಯ ಚಳಿ, ಊಟ, ಉಚಿತ ಚಿಕಿತ್ಸೆಯ ನಡುವೆ ಬದುಕಿದವರು. ಹಾಸನದಿಂದ ಬೆಂಗಳೂರಿಗೆ ಬಂದು ಬ್ಯಾಂಕಿನಲ್ಲಿ ಕೂತಿರುವವರಿಗೆ ಅದೇ 1.3 ಹೊಂದುತ್ತದೆಯೇ ಅನ್ನುವುದನ್ನು ಇಲ್ಲಿ ಜನರನ್ನು ಹತ್ತು ಹದಿನೈದು ವರ್ಷ ಬೆನ್ನುಹತ್ತಿ ನೋಡಿಯೇ ಹೇಳಬೇಕು. ನಮ್ಮದೇ ಜನರನ್ನು ಹಾಗೆ ಗಮನಿಸಿ ಕಟ್ಟಿ, ನಮ್ಮ ಕ್ಲಿನಿಕ್ಕುಗಳಲ್ಲಿ ದಿನನಿತ್ಯ ಬಳಸುವ ಪಟ್ಟಿ ನಮ್ಮ ಕೈಯಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದಕ್ಷಿಣ ಏಷ್ಯಾಕ್ಕೆಂದೇ ಒಂದು ಬಣ್ಣದ ಪಟ್ಟಿ ಕೊಟ್ಟಿದೆ. ಆದರೆ ಅದರ ಮೂಲ ಸೂತ್ರ ಬೇರೆ ದೇಶಗಳ ಅಧ್ಯಯನಗಳದು, ಅದನ್ನು ನಮ್ಮ ಭಾಗದ ಕಾಯಿಲೆಯ ಅಂದಾಜಿಗೆ ಹೊಂದಿಸಿದ್ದಾರೆ. ಅದರಲ್ಲೂ ನೀವು ಶೇ 5ರ ಕೆಳಗಿನ ಹಸಿರು ಚೌಕದಲ್ಲೇ ಬೀಳುತ್ತೀರಿ, ಏಕೆಂದರೆ ಅದು ನಿಮ್ಮ ಎಚ್‌ಡಿಎಲ್ ಕೇಳುವುದಿಲ್ಲ, ತಂದೆಯವರನ್ನೂ ಕೇಳುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತು, ಇರುವಷ್ಟು ಮಾತ್ರೆಯನ್ನು ಮೊದಲು ಯಾರಿಗೆ ಕೊಡಬೇಕೆಂದು ಆರಿಸುವ ವೈದ್ಯರಿಗೆ ಅದು ಒಳ್ಳೆಯ ಸಾಧನ. ನಿಮ್ಮ ಪ್ರಶ್ನೆಗೆ ಅದು ತುಂಬಾ ಒರಟು ಜರಡಿ.

ಈಗ ನಾನು ಮುಖ್ಯ ಅಂದುಕೊಂಡಿರುವ ಮಾತು. ಈ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಮಾತಾಡುವುದು ಕೊಲೆಸ್ಟ್ರಾಲೂ ಅಲ್ಲ, ಬಿಪಿಯೂ ಅಲ್ಲ, ವಯಸ್ಸು. ಅಮೆರಿಕದ ಅದೇ ಸೂತ್ರದಲ್ಲಿ ನಿಮ್ಮ ವಯಸ್ಸನ್ನು ಮಾತ್ರ 60 ಎಂದು ತಿದ್ದಿ, ಉಳಿದದ್ದೆಲ್ಲ ಹಾಗೇ ಬಿಟ್ಟೆ. ಶೇ 12.5 ಬಂತು. ಇನ್ನೊಂದು ನೋಡಿ: 60 ವರ್ಷದ ಒಬ್ಬರು, ಒಟ್ಟು ಕೊಲೆಸ್ಟ್ರಾಲ್ 170, ಎಚ್‌ಡಿಎಲ್ 50, ಬಿಪಿ 110, ಸಿಗರೇಟಿಲ್ಲ, ಶುಗರಿಲ್ಲ, ಅಂದರೆ ಬೆರಳಿಟ್ಟು ತೋರಿಸಲು ಒಂದು ದೋಷವಿಲ್ಲ. ಅವರಿಗೆ ಬರುವುದು ಶೇ 5.7. ಒಂದು ರಿಪೋರ್ಟೂ ಕೆಡದ ಆ ಹಿರಿಯರ ಅಪಾಯ ನಿಮಗಿಂತ ಹೆಚ್ಚು! ಹಾಗಾಗಿ ನಲವತ್ತರ ಆಸುಪಾಸಿನವರು ಎಷ್ಟೇ ಕೆಟ್ಟ ರಿಪೋರ್ಟ್ ತಂದರೂ ಸಿಗರೇಟೋ ಶುಗರೋ ಸೇರದಿದ್ದರೆ ಹೆಚ್ಚಾಗಿ ಹಸಿರಲ್ಲೇ ಉಳಿಯುತ್ತಾರೆ. ನಿಮ್ಮವೇ ಅಂಕಿಗಳಿಗೆ ಸಿಗರೇಟು ಒಂದನ್ನು ಸೇರಿಸಿದರೆ 3.4 ಇದ್ದದ್ದು 9.2ಕ್ಕೆ ಹಾರುತ್ತದೆ. ಅದು ನಿಮಗೆ ಇಲ್ಲದಿರುವುದು ದೊಡ್ಡ ಸಂಗತಿ.

ಆದ್ದರಿಂದ ನನ್ನ ಎದುರು ನಲವತ್ತರವರು ಕೂತಾಗ ಇನ್ನೊಂದು ಹೋಲಿಕೆ ಮಾಡುತ್ತೇನೆ. ಅರವತ್ತರವರ ಜೊತೆ ಅಲ್ಲ, ಅದೇ ವಯಸ್ಸಿನ, ಎಲ್ಲ ಅಂಕಿಯೂ ನೆಟ್ಟಗಿರುವ ಗಂಡಸಿನ ಜೊತೆ. ಅವರಿಗೆ ಅದೇ ಸೂತ್ರದಲ್ಲಿ ಬರುವುದು ಶೇ 1. ನಿಮಗೆ 3.4. ಅವರ ಮೂರರಷ್ಟಕ್ಕೂ ಮೇಲೆ, ಅದೂ ತಂದೆಯವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮುಂಚೆ. ‘ಕಡಿಮೆ’ ಅನ್ನುವ ಹಸಿರು ಬಣ್ಣ ಸುಳ್ಳಲ್ಲ, ಹತ್ತು ವರ್ಷದ ಮಟ್ಟಿಗೆ ಅದು ನಿಜ. ಆದರೆ 44ಕ್ಕೆ ಹತ್ತು ಸೇರಿಸಿದರೆ 54. ನಿಮಗೆ ಇನ್ನೂ ಇಪ್ಪತ್ತು ಮೂವತ್ತು ವರ್ಷ ಇದೇ ರಕ್ತನಾಳಗಳ ಜೊತೆ ಬದುಕಬೇಕಿದೆ. ಅಮೆರಿಕದವರೇ 2023ರಲ್ಲಿ ತಂದ ಹೊಸ ಸೂತ್ರದಲ್ಲಿ ಜನಾಂಗದ ಪ್ರಶ್ನೆಯನ್ನು ಕೈಬಿಟ್ಟು, ಮೂತ್ರಪಿಂಡದ ಕೆಲಸವನ್ನು ಸೇರಿಸಿ, 30ರಿಂದ 59 ವರ್ಷದವರಿಗೆ ಮೂವತ್ತು ವರ್ಷದ ಅಂದಾಜನ್ನೂ ಕೊಡುತ್ತಿರುವುದು ಈ ಕಾರಣಕ್ಕೆ. ನಿಮ್ಮ ತಂದೆಯವರ ಕುರಿತು ಮಾತ್ರ ಅದೂ ಕೇಳುವುದಿಲ್ಲ.

ನಮ್ಮವರಿಗೆ ಬೇಗ ಬರುವುದು ಯಾಕೆ? 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ಮಧ್ಯಮ ವಯಸ್ಸು 53, ಮಿಕ್ಕ ದೇಶಗಳವರದು 59ರ ಹತ್ತಿರ. ಇದಕ್ಕೆ ರಕ್ತದಲ್ಲೇ ಏನೋ ಗೂಢ ದೋಷ ಇದೆ ಅಂತ ಬಹಳ ಜನ ನಂಬಿದ್ದಾರೆ. ಅಧ್ಯಯನದಲ್ಲಿ ಕಂಡದ್ದು ಅಷ್ಟು ರೋಚಕವಲ್ಲ. ಕಾರಣಗಳು ಎಲ್ಲರಿಗೂ ಇರುವವೇ: ತಂಬಾಕು, ಕೊಬ್ಬಿನ ಕಣಗಳು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು. ನಮ್ಮಲ್ಲಿ ಅವು ಚಿಕ್ಕ ವಯಸ್ಸಿಗೇ ಬಂದು ಕೂರುತ್ತವೆ. ನಿಮ್ಮ ರಿಪೋರ್ಟು ಅದರ ಮಾದರಿಯಂತಿದೆ. ಎಲ್‌ಡಿಎಲ್ ಆಕಾಶಕ್ಕೇರಿಲ್ಲ, ಆದರೆ ಎಚ್‌ಡಿಎಲ್ ಕೆಳಗಿದೆ, ಟ್ರೈಗ್ಲಿಸರೈಡ್ ಮೇಲಿದೆ, ಎಚ್‌ಬಿಎ1ಸಿ ಗಡಿಯಲ್ಲಿದೆ, ಸೊಂಟ 96. ನಮ್ಮ ಗಂಡಸರಿಗೆ ಸೊಂಟದ ಮಿತಿ 90 ಎಂದು ಇಟ್ಟುಕೊಂಡಿದ್ದೇವೆ. ಅಮೆರಿಕದ ಪುಟ ನಿಮ್ಮ ಸೊಂಟವನ್ನು ಕೇಳಲಿಲ್ಲ, ಟ್ರೈಗ್ಲಿಸರೈಡನ್ನೂ ಕೇಳಲಿಲ್ಲ. ಎಚ್‌ಬಿಎ1ಸಿ 5.9 ಇದ್ದರೂ ಅದಕ್ಕೆ ಬೇಕಾದದ್ದು ‘ಶುಗರ್ ಇದೆ’, ‘ಇಲ್ಲ’ ಎಂಬ ಎರಡೇ ಉತ್ತರ.

ಪಟ್ಟಿ ಕೇಳದ ಇನ್ನೊಂದಿದೆ, ಲೈಪೊಪ್ರೋಟೀನ್ (ಎ). ಲ್ಯಾಬಿನವರು ‘ಎಲ್‌ಪಿಎ’ ಅನ್ನುತ್ತಾರೆ. ಎಲ್‌ಡಿಎಲ್ ಕಣಕ್ಕೆ ಇನ್ನೊಂದು ಪ್ರೋಟೀನ್ ಬಾಲ ಅಂಟಿಕೊಂಡಂಥದು. ಅದು ಎಷ್ಟಿರಬೇಕೆಂದು ಹುಟ್ಟುವಾಗಲೇ ಬಹುಪಾಲು ತೀರ್ಮಾನವಾಗಿರುತ್ತದೆ, ನಡಿಗೆಗೂ ಪಥ್ಯಕ್ಕೂ ಜಗ್ಗುವುದಿಲ್ಲ. ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲಿ ಇದು ಬರುವುದಿಲ್ಲ, ಬೇರೆಯಾಗಿ ಹೇಳಿ ಬರೆಸಬೇಕು. ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ತಂದೆಗೆ 52ಕ್ಕೇ ಆಗಿರುವಾಗ ನಾನು ಮೊದಲು ಬರೆಯುವ ಪರೀಕ್ಷೆ ಇದು. ರಿಪೋರ್ಟ್ ಬಂದಾಗ ಅಳತೆಯ ಮಾನ ನೋಡಿ: ಮಿ.ಗ್ರಾಂ.ನಲ್ಲಿ ಕೊಟ್ಟಿದ್ದರೆ 50ರ ಮೇಲೆ ಹೆಚ್ಚು, ನ್ಯಾನೊಮೋಲಿನಲ್ಲಿ ಕೊಟ್ಟಿದ್ದರೆ 125ರ ಮೇಲೆ ಹೆಚ್ಚು. ನ್ಯಾನೊಮೋಲಿನ 90 ನೋಡಿ 50ಕ್ಕೆ ಹೋಲಿಸಿಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರನ್ನು ಕಂಡಿದ್ದೇನೆ.

ಟಿಎಂಟಿ ನಾರ್ಮಲ್ ಅನ್ನುವ ಸಮಾಧಾನದ ಕುರಿತು ಒಂದು ಮಾತು. ಹಾಸನದ ಸುದ್ದಿಯ ದಿನಗಳಲ್ಲಿ ಎಷ್ಟೋ ಜನ ಇಸಿಜಿಗೆ ಸಾಲು ನಿಂತರು. ಇಸಿಜಿ, ಟಿಎಂಟಿ ಇವತ್ತಿನ ಸ್ಥಿತಿ ಹೇಳುವ ಪರೀಕ್ಷೆಗಳು. ರಕ್ತನಾಳ ಬಹಳ ಕಿರಿದಾಗಿ, ಓಡುವಾಗ ಹೃದಯಕ್ಕೆ ರಕ್ತ ಸಾಲದೆ ಹೋದರೆ ಟಿಎಂಟಿ ಹಿಡಿಯುತ್ತದೆ. ಆದರೆ ಹೃದಯಾಘಾತಗಳಲ್ಲಿ ಬಹಳಷ್ಟು ನಾಳವನ್ನು ಅರ್ಧವೂ ಮುಚ್ಚಿರದ ಮೆತ್ತನೆಯ ಕೊಬ್ಬಿನ ಗಂಟು ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಆಗುವಂಥವು. ಆ ಗಂಟು ಒಡೆಯುವ ಹಿಂದಿನ ದಿನ ಟಿಎಂಟಿ ಮಾಡಿದ್ದರೂ ನಾರ್ಮಲ್ ಬಂದಿರಬಹುದು. ಎದೆನೋವು, ಏದುಸಿರು ಇದೆ ಎಂದು ನೀವು ಬರೆದಿಲ್ಲ, ಅವು ಇಲ್ಲವಾದರೆ ಟಿಎಂಟಿಯನ್ನು ವರ್ಷವರ್ಷ ಮಾಡಿಸುವ ಅಗತ್ಯವೂ ಇಲ್ಲ. ನಡೆಯುವಾಗ ಎದೆ ಹಿಡಿದಂತಾದರೆ ಮಾತ್ರ ಕ್ಯಾಲ್ಕುಲೇಟರನ್ನು ಬದಿಗಿಟ್ಟು ಅದೇ ದಿನ ಬನ್ನಿ.

ಸ್ಟ್ಯಾಟಿನ್ ಎನ್ನುವ ಕೊಲೆಸ್ಟ್ರಾಲ್ ಮಾತ್ರೆಯ ವಿಷಯಕ್ಕೆ ಬರೋಣ. ಸ್ಟ್ಯಾಟಿನ್‌ನಿಂದ ಎಲ್‌ಡಿಎಲ್ 39 ಅಂಕ ಇಳಿದರೆ ಅಪಾಯ ಐದರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ ಅನ್ನುವುದು ಹತ್ತಾರು ಪ್ರಯೋಗಗಳನ್ನು ಸೇರಿಸಿ ನೋಡಿದಾಗ ಕಂಡದ್ದು. ಅಟೋರ್ವಾಸ್ಟಾಟಿನ್ 10 ಮಿ.ಗ್ರಾಂ. ಥರದ ಸಾಧಾರಣ ಡೋಸು ನಿಮ್ಮ 142ನ್ನು 90ರ ಹತ್ತಿರಕ್ಕೆ ತರಬಲ್ಲದು. ಆಗ ಅಪಾಯ ಕಾಲು ಪಾಲಿನಷ್ಟು ಇಳಿದೀತು. ನಿಮ್ಮ ಅಪಾಯ ನಿಜವಾಗಿ 7.5 ಆಗಿದ್ದರೆ ಅದು 5.5 ಆಗುತ್ತದೆ, ನೂರು ಜನ ಹತ್ತು ವರ್ಷ ನುಂಗಿದರೆ ಇಬ್ಬರಿಗೆ ಲಾಭ. 3.4 ಆಗಿದ್ದರೆ ಒಬ್ಬರಿಗೆ ಲಾಭ. ಅದಕ್ಕೇ ಯಾವ ಅಂಕಿ ಅನ್ನುವ ಪ್ರಶ್ನೆ ಬರಿ ಕುತೂಹಲದ್ದಲ್ಲ. ಇನ್ನೊಂದು ತಟ್ಟೆಯಲ್ಲಿರುವುದು: ಕೆಲವರಿಗೆ ಮೈಕೈ ನೋವು, ಅದರಲ್ಲಿ ಹೆಚ್ಚಿನದು ಮಾತ್ರೆಯದ್ದಾಗಿರುವುದಿಲ್ಲ, ನಿಜವಾಗಿದ್ದರೆ ಡೋಸು ಇಳಿಸಿದಾಗ ಹೋಗುತ್ತದೆ. ಮತ್ತೆ, ಶುಗರ್ ಗಡಿಯಲ್ಲಿರುವವರಿಗೆ ಅದು ಸ್ವಲ್ಪ ಬೇಗ ಗಡಿ ದಾಟುವ ಸಾಧ್ಯತೆ. ನಿಮ್ಮ 5.9ರಿಂದಾಗಿ ಇದನ್ನು ನಿಮಗೆ ಹೇಳಲೇಬೇಕು. ಲಿವರ್ ಹಾಳಾಗುತ್ತದೆ ಅನ್ನುವ ಭಯಕ್ಕೆ ಮಾತ್ರ ಹೆಚ್ಚು ಆಧಾರವಿಲ್ಲ.

ಶುರು ಮಾಡದೆ ಮೂರು ತಿಂಗಳು ನೋಡುವುದೂ ಒಂದು ದಾರಿ. ತೂಕ 76ರಿಂದ 71ಕ್ಕೆ ಬಂದರೆ, ರಾತ್ರಿ ಅನ್ನದ ರಾಶಿ ಅರ್ಧವಾದರೆ, ಸಂಜೆಯ ಖಾರಾಸೇವೆ, ಬೇಕರಿ ನಿಂತರೆ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ, ಬಿಪಿಯೂ ಕೆಲವು ಅಂಕ ಇಳಿಯುತ್ತದೆ. ಎಲ್‌ಡಿಎಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಈ ದಾರಿಯ ಅಪಾಯ ಒಂದೇ, ಮೂರು ತಿಂಗಳು ಎಂದು ಹೋದವರು ಮೂರು ವರ್ಷದ ಮೇಲೆ ಬರುತ್ತಾರೆ.

ಮನಸ್ಸು ಇನ್ನೂ ಆಚೀಚೆ ತೂಗುತ್ತಿದ್ದರೆ ಹೃದಯದ ನಾಳಗಳಲ್ಲಿ ಸುಣ್ಣದ ಅಂಶ ಎಷ್ಟು ಕೂತಿದೆ ಎಂದು ನೋಡುವ ಸಿಟಿ ಇದೆ, ‘ಕ್ಯಾಲ್ಸಿಯಂ ಸ್ಕೋರ್’ ಎಂದು ಕೇಳಿ. ಇಂಜೆಕ್ಷನ್ ಇಲ್ಲ, ಕೆಲವೇ ನಿಮಿಷ, ವಿಕಿರಣವೂ ಕಡಿಮೆ. 44ರಲ್ಲಿ ಒಂದಿಷ್ಟು ಸುಣ್ಣ ಕಂಡರೂ ಅದು ವಯಸ್ಸಿಗೆ ಮೀರಿದ್ದು, ಮಾತ್ರೆಯ ಕಡೆ ತಕ್ಕಡಿ ವಾಲುತ್ತದೆ. ಸೊನ್ನೆ ಬಂದರೆ? ಇಲ್ಲೇ ಎಚ್ಚರ ಬೇಕು. ಗಂಟು ಗಟ್ಟಿಯಾಗಿ ಸುಣ್ಣ ಕೂರಲು ವರ್ಷಗಳು ಬೇಕು, ಮೆತ್ತನೆಯ ಗಂಟು ಈ ಸ್ಕ್ಯಾನಿಗೆ ಕಾಣುವುದಿಲ್ಲ. ಅರವತ್ತರವರ ಸೊನ್ನೆಗೆ ಇರುವ ಬೆಲೆ ನಲವತ್ನಾಲ್ಕರ ಸೊನ್ನೆಗೆ ಇಲ್ಲ. ಕೌಂಟರಿನಲ್ಲಿ ‘ಜೊತೆಗೇ ಸಿಟಿ ಆಂಜಿಯೋಗ್ರಾಂ ಪ್ಯಾಕೇಜ್ ಮಾಡಿಸಿಬಿಡಿ ಸಾರ್’ ಎಂದರೆ, ನಿಮ್ಮ ಸ್ಥಿತಿಯಲ್ಲಿ ಬೇಡ.

ನೀವು ನನ್ನ ಎದುರು ಕೂತಿದ್ದರೆ ನಾನು ಮಾಡುತ್ತಿದ್ದದ್ದು ಇಷ್ಟು. ಮೊದಲು ಬಿಪಿಯನ್ನು ಒಂದು ವಾರ ಮನೆಯಲ್ಲಿ, ಐದು ನಿಮಿಷ ಕೂತು, ಕಾಫಿಗೆ ಮುಂಚೆ ನೋಡಿಸುತ್ತಿದ್ದೆ. 134 ಬದಲು 148 ಇದ್ದರೆ ಅಮೆರಿಕದ ಲೆಕ್ಕ 3.4ರಿಂದ 4ಕ್ಕೆ ಏರುತ್ತದೆ, ಆದರೆ 148 ನಿಜವೇ ಆಗಿದ್ದರೆ ಬಿಪಿಯನ್ನೇ ಬೇರೆಯಾಗಿ ನೋಡಿಕೊಳ್ಳಬೇಕು. ಎಲ್‌ಪಿಎ ಒಮ್ಮೆ. ಅದು ಮಿತಿ ಮೀರಿದ್ದರೆ ಕಾಯದೆ ಸ್ಟ್ಯಾಟಿನ್ ಬರೆಯುತ್ತೇನೆ. ಎಲ್‌ಪಿಎ ಇಳಿಯಲಿ ಎಂದಲ್ಲ, ಆ ಹೊರೆ ಇರುವವರಲ್ಲಿ ಎಲ್‌ಡಿಎಲ್‌ನ ಹೊರೆಯಾದರೂ ಕಡಿಮೆಯಾಗಲಿ ಎಂದು. ಮಿತಿಯೊಳಗಿದ್ದರೆ ಮೂರು ತಿಂಗಳು ಕೊಟ್ಟು, ಆಗಲೂ ಎಲ್‌ಡಿಎಲ್ 100ರ ಕೆಳಗೆ ಬರದಿದ್ದರೆ ಸಣ್ಣ ಡೋಸಿನ ಪರವಾಗಿ ಮಾತಾಡುತ್ತೇನೆ, ನೀವು ಬೇಡ ಎಂದರೆ ಜಗಳವಾಡುವುದಿಲ್ಲ. ಬೇರೆ ವೈದ್ಯರು ಸ್ವಲ್ಪ ಕಾಯೋಣ ಎಂದರೆ ಅವರು ತಪ್ಪು ಅಂತಲೂ ಹೇಳಲಾರೆ. 3.4 ಮತ್ತು 7.5ರ ನಡುವೆ ಅಷ್ಟು ಜಾಗ ಇದೆ.

ಮಾತ್ರೆ ಶುರು ಮಾಡಿದ ಮೇಲೆ ಇಳಿದ ಅಂಕಿಗಳನ್ನು ಅದೇ ಪುಟದಲ್ಲಿ ಹಾಕಿ ನೋಡಬೇಡಿ. ಮಾತ್ರೆ ಇಲ್ಲದವರಿಗೆಂದು ಬರೆದ ಲೆಕ್ಕ ಅದು. ಹಾಗೇ ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರಿಗೆ, ಎಲ್‌ಡಿಎಲ್ 190 ದಾಟಿದವರಿಗೆ ಈ ಪಟ್ಟಿಗಳ ಅಗತ್ಯವೇ ಇಲ್ಲ, ಅವರಿಗೆ ಚಿಕಿತ್ಸೆ ಬೇಕೆಂದು ಮೊದಲೇ ಗೊತ್ತಿದೆ. ನಿಮ್ಮ ತಂದೆಯವರು ಮಾತ್ರೆ ಬಿಟ್ಟಿದ್ದಾರೆಯೇ ಒಮ್ಮೆ ವಿಚಾರಿಸಿ.

ನಿಮಗೆ ಒಡಹುಟ್ಟಿದವರು ಇದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ, ಅವರ ತಂದೆಗೂ 52ಕ್ಕೇ ಆಗಿತ್ತು. ಅಮೆರಿಕದ ಆ 2013ರ ಪುಟ 40 ತುಂಬದವರ ವಯಸ್ಸನ್ನು ತೆಗೆದುಕೊಳ್ಳುವುದೇ ಇಲ್ಲ, ಆದ್ದರಿಂದ ನಿಮಗಿಂತ ಚಿಕ್ಕವರು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಒಂದು ಲಿಪಿಡ್ ಪ್ರೊಫೈಲು, ಒಂದು ಶುಗರ್, ಒಂದು ಬಿಪಿ ನೋಡಿಸಿ. ನಿಮ್ಮ ಎಲ್‌ಪಿಎ ಹೆಚ್ಚು ಬಂದರೆ ಅವರದನ್ನೂ ಅದೇ ವಾರ ಮಾಡಿಸಿ.